ಸತ್ಯಾಂಶ: ಝೀರೋ ಡೆಪ್ರಿಸಿಯೇಷನ್ ಎಲ್ಲಿಯವರೆಗೆ?

“ಝೀರೋ ಡೆಪ್ ಇದ್ದರೆ ಕಾರಿಗೆ ಏನೇ ಆದರೂ ಕೈಯಿಂದ ಒಂದು ರೂಪಾಯಿಯೂ ಹೋಗುವುದಿಲ್ಲ.”

ಇದು ನಿಜವಲ್ಲ. ಕಾರು ವಿಮೆಯ ಜೊತೆ ಕೊಳ್ಳುವ ಈ ಹೆಚ್ಚುವರಿ ರಕ್ಷಣೆಯು ಬದಲಾಯಿಸಿದ ಬಿಡಿಭಾಗಗಳ ಮೇಲಿನ ಸವಕಳಿ ಕಡಿತವನ್ನು, ಅಂದರೆ ಭಾಗ ಹಳೆಯದಾಗಿದೆ ಎಂದು ಪರಿಹಾರದಲ್ಲಿ ಕಳೆಯುವ ಮೊತ್ತವನ್ನು, ಮಾತ್ರ ತಪ್ಪಿಸುತ್ತದೆ. 1200 ಸಿಸಿಯ, ಮೂರೂವರೆ ವರ್ಷ ಹಳೆಯ ಕಾರೊಂದು ಡಿಕ್ಕಿ ಹೊಡೆದು, 8,000 ರೂಪಾಯಿಯ ಪ್ಲಾಸ್ಟಿಕ್ ಬಂಪರನ್ನೂ 12,000 ರೂಪಾಯಿಯ ಲೋಹದ ಬಾನೆಟ್ಟನ್ನೂ ಬದಲಾಯಿಸಬೇಕಾಯಿತು ಎಂದುಕೊಳ್ಳೋಣ. ಸಾಮಾನ್ಯ ಸಮಗ್ರ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಶೇ. 50, ಈ ವಯಸ್ಸಿನ ಲೋಹಕ್ಕೆ ಶೇ. 25 ಕಡಿತವಾಗುವುದರಿಂದ ಮಾಲೀಕರು 7,000 ರೂಪಾಯಿ ಭರಿಸಬೇಕು. ಝೀರೋ ಡೆಪ್ ಇದ್ದರೆ ಆ ಮೊತ್ತ ಉಳಿಯುತ್ತದೆ. ಆದರೂ 1,000 ರೂಪಾಯಿಯ ಕಡ್ಡಾಯ ಕಡಿತವನ್ನು ಎರಡೂ ಸಂದರ್ಭಗಳಲ್ಲಿ ಅವರೇ ಕೊಡಬೇಕು.

ನೀರು ತುಂಬಿದ ರಸ್ತೆಯಲ್ಲಿ ನಿಂತುಹೋದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗ ಸಿಲಿಂಡರಿಗೆ ನೀರು ನುಗ್ಗಿ ಎಂಜಿನ್ ಕೆಟ್ಟರೆ ಇದು ನೆರವಿಗೆ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಎಂಜಿನ್ ರಕ್ಷಣೆ ಬೇಕು, ಮಳೆಗಾಲದಲ್ಲಿ ಅನೇಕರಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಕಾರು ಕಳುವಾದರೂ ಪರಿಹಾರ ಐಡಿವಿಯನ್ನು, ಅಂದರೆ ಪಾಲಿಸಿಯಲ್ಲಿ ನಮೂದಿಸಿದ ಕಾರಿನ ಮೌಲ್ಯವನ್ನು, ಮೀರುವುದಿಲ್ಲ.

ದಟ್ಟ ಸಂಚಾರದಲ್ಲಿ ನಿತ್ಯ ಓಡುವ, ಎರಡರಿಂದ ಐದು ವರ್ಷದ ಕಾರಿಗೆ ಇದು ಲಾಭದಾಯಕ ಎಂಬುದು ನನ್ನ ಅಭಿಪ್ರಾಯ. ಸಣ್ಣ ಗೀರಿಗೆ ಕ್ಲೇಮ್ ಮಾಡುವ ಮುನ್ನ, ಕಳೆದುಕೊಳ್ಳುವ ನೋ ಕ್ಲೇಮ್ ಬೋನಸ್ಸನ್ನು ರಿಪೇರಿ ಬಿಲ್ಲಿನ ಜೊತೆ ಹೋಲಿಸಿ ನೋಡಬೇಕು.