ಕ್ಲೌಡ್ ಸ್ಟೋರೇಜಿನವರೇ, ಕಾಪಿ ಲಿಂಕ್ ಒತ್ತಿದ್ರೆ ಯಾವ ಲಿಂಕ್ ಕೊಡ್ತೀರಿ ಅಂತ ಹೇಳೋಕೇನ್ರಿ ಕಷ್ಟ?

ಮೂರು ದಿನದಿಂದ ತಲೆ ಕೆಟ್ಟೋಗಿದೆ. ಶಿರಸೀಲಿ ನಮ್ಮಕ್ಕ ಹಲಸಿನ ಹಪ್ಪಳ, ಬಾಳಕದ ಮೆಣಸು ಮಾಡಿ ಮಾರ್ತಾಳೆ, ಅವಳಿಗೆ ಅಂತ ಸಣ್ಣದೊಂದು ವೆಬ್‌ಸೈಟ್ ಮಾಡಿಕೊಟ್ಟೆ. 14 ಫೋಟೋ ಕ್ಲೌಡಲ್ಲಿ ಇದ್ವು, ಶೇರ್ ಒತ್ತಿ, ಕಾಪಿ ಲಿಂಕ್ ಒತ್ತಿ, ಒಂದೊಂದನ್ನೂ ಪೇಜಿಗೆ ಹಾಕಿದೆ. ಎಲ್ಲಾ ಕಡೆ ಹರಿದ ಚಿತ್ರದ ಗುರುತು! ಅದೇ ಲಿಂಕ್ ಬ್ರೌಸರಲ್ಲಿ ತೆಗೆದ್ರೆ ಹಪ್ಪಳ ಚೆನ್ನಾಗೇ ಕಾಣುತ್ತೆ. ಪರ್ಮಿಷನ್ ಸರಿ ಇಲ್ವೇನೋ ಅಂತ ಅರ್ಧ ರಾತ್ರಿ ಅದನ್ನೇ ತಿದ್ದುತ್ತಾ ಕೂತೆ. ಕೊನೆಗೆ ಟರ್ಮಿನಲಲ್ಲಿ ಲಿಂಕ್ ಹಾಕಿ ಕೇಳಿದೆ:

```
curl -I "ಶೇರ್ ಲಿಂಕ್"
content-type: text/html; charset=utf-8
```

ಅಂದ್ರೆ ಅದು ಫೋಟೋನೇ ಅಲ್ಲ! ಫೋಟೋ ತೋರ್ಸೋ ಒಂದು ಪೇಜು, ಮೇಲೆ ಅವರ ಲೋಗೋ, ಪಕ್ಕದಲ್ಲಿ ಡೌನ್‌ಲೋಡ್ ಬಟನ್, ಮಧ್ಯದಲ್ಲಿ ನಮ್ಮ ಹಪ್ಪಳ. `<img>` ಟ್ಯಾಗಿಗೆ ಬೇಕಾಗಿರೋದು ಬರೀ ಚಿತ್ರದ ಫೈಲು, ಅಲ್ಲಿ `image/jpeg` ಅಂತ ಬರ್ಬೇಕಿತ್ತು. ಪೇಜ್ ಕೊಟ್ರೆ ಅದರೊಳಗಿಂದ ಚಿತ್ರ ಹುಡುಕಿ ತೆಗೆಯೋ ಕೆಲಸ ಬ್ರೌಸರ್ ಮಾಡಲ್ಲ.

ಸರಿ, ಪ್ರಿವ್ಯೂ ಪೇಜಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ ಚಿತ್ರದ ಅಡ್ರೆಸ್ಸೇ ಕಾಪಿ ಮಾಡಿ ಹಾಕಿದೆ. ಬಂತು! 14ಕ್ಕೆ 14 ಬಂತು, ಅಕ್ಕ ಖುಷಿಯಾಗಿ ವಾಟ್ಸಾಪಲ್ಲಿ ಎಲ್ಲರಿಗೂ ಕಳಿಸಿದ್ಲು. ಬೆಳಿಗ್ಗೆ ನೋಡಿದ್ರೆ ಹುಬ್ಬಳ್ಳಿಯಿಂದ ಒಬ್ರು, "ಫೋಟೋನೇ ಇಲ್ವಲ್ರೀ, ಏನ್ ನೋಡಿ ಆರ್ಡರ್ ಮಾಡ್ಲಿ" ಅಂತ ಕೇಳಿದಾರೆ. ನನ್ನ ಫೋನಲ್ಲಿ ಮಾತ್ರ ಎಲ್ಲಾ ಕಾಣ್ತಿದೆ, ಯಾಕಂದ್ರೆ ರಾತ್ರಿ ನೋಡಿದ್ದು ಕ್ಯಾಶಲ್ಲಿ ಕೂತಿದೆ. ಮತ್ತೆ `curl` ಹೊಡೆದ್ರೆ 403. ಆಮೇಲೆ ಆ ಉದ್ದನೆ ಅಡ್ರೆಸ್ಸಿನ ಬಾಲ ಸರಿಯಾಗಿ ಓದಿದೆ, `Expires=` ಅಂತ ಇತ್ತು, ಮುಂದೆ ಒಂದು ಉದ್ದ ನಂಬರು. ಪ್ರಿವ್ಯೂ ತೋರ್ಸೋಕೆ ಅಂತ ಸ್ವಲ್ಪ ಹೊತ್ತಿಗೆ ಮಾತ್ರ ಮಾಡಿಕೊಟ್ಟ ಅಡ್ರೆಸ್ಸು, ಟೈಮ್ ಮುಗೀತು, ಬಾಗಿಲು ಹಾಕಿದ್ರು.

ನಂಗೆ ಉರಿಯೋದು ಇದಕ್ಕೇ. ತಮ್ಮ ಸ್ಟೋರೇಜು ಎಲ್ಲರ ವೆಬ್‌ಸೈಟಿಗೂ ಪುಕ್ಕಟೆ ಫೋಟೋ ಬಡಿಸೋಕಲ್ಲ ಅಂದ್ರೆ ಒಪ್ಕೋತೀನಿ, ಬ್ಯಾಂಡ್‌ವಿಡ್ತಿಗೆ ದುಡ್ಡು ಹೋಗೋದು ಅವರದ್ದೇ. ಆದ್ರೆ ಆ ಬಟನ್ ಕೆಳಗೆ "ಇದು ನೋಡೋಕೆ ಮಾತ್ರ, ಸೈಟಿಗೆ ಹಾಕಿದ್ರೆ ಬರಲ್ಲ" ಅಂತ ಒಂದು ಸಾಲು ಬರೀರಿ! ಡ್ರಾಪ್‌ಬಾಕ್ಸಲ್ಲಿ ಲಿಂಕಿನ ಕೊನೇಲಿ `dl=0` ಇರೋದನ್ನ `raw=1` ಮಾಡಿದ್ರೆ ನೇರ ಫೈಲೇ ಸಿಗುತ್ತೆ, ನಾನು ಬಳಸ್ತಿದ್ದ ಸರ್ವಿಸಲ್ಲಿ ಅಂಥದ್ದೊಂದು ದಾರೀನೂ ಕಾಣ್ಲಿಲ್ಲ.

ನಿನ್ನೆ ರಾತ್ರಿ 14 ಫೋಟೋನೂ ಇಳಿಸ್ಕೊಂಡು, ಸೈಜ್ ಕಮ್ಮಿ ಮಾಡಿ, ಸೈಟಿನ ಸ್ವಂತ ಫೋಲ್ಡರಿಗೇ ಹಾಕಿದೆ. ಇವತ್ತು ಇನ್‌ಕಾಗ್ನಿಟೋದಲ್ಲೂ ಬರ್ತಿದೆ, ಪಕ್ಕದ ಮನೆಯವರ ಫೋನಲ್ಲೂ ಬರ್ತಿದೆ. ಹುಬ್ಬಳ್ಳಿಯವರಿಗೆ ಹೊಸದಾಗಿ ಲಿಂಕ್ ಕಳಿಸಿದ್ವಿ, ಇನ್ನೂ ತೆಗೆದು ನೋಡಿಲ್ಲ.