ಕೆಟಲ್ ಕಿತ್ತಿಡುವ ಹಾಸ್ಟೆಲು, ಪ್ಲಗ್ ಮುಟ್ಟಿ ನೋಡೆನ್ನುವ ಹಾಸ್ಟೆಲು

ನಾನು ಓದಿದ ಹಾಸ್ಟೆಲಿನಲ್ಲಿ ಕೋಣೆಯೊಳಗೆ ಕೆಟಲ್ ಕಣ್ಣಿಗೆ ಬಿದ್ದರೆ ಅದು ನೇರವಾಗಿ ವಾರ್ಡನ್ನರ ಬೀರುವಿಗೆ ಸೇರುತ್ತಿತ್ತು. ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ದಿನವೇ ಅದರ ಬಿಡುಗಡೆ. ಹಾಗೆಂದು ಕೆಟಲ್‌ಗಳೇನೂ ಕಡಿಮೆಯಾಗಲಿಲ್ಲ. ಅವು ಮಂಚದ ಕೆಳಗೆ, ಬಟ್ಟೆಯ ಗಂಟುಗಳ ನಡುವೆ, ಹಾಸಿಗೆಯಡಿಯಲ್ಲಿ ಎಳೆದ ಎಕ್ಸ್‌ಟೆನ್ಷನ್ ವೈರಿನ ತುದಿಯಲ್ಲಿ ಕುದಿಯುತ್ತಿದ್ದವು. ಬೆಂಕಿಗೆ ಇದಕ್ಕಿಂತ ಒಳ್ಳೆಯ ಜಾಗವನ್ನು ಹುಡುಕಿಕೊಡುವುದು ಕಷ್ಟ.

ಈಗ ಹೊರರಾಜ್ಯದ ಒಂದು ಕಾಲೇಜಿನಲ್ಲಿ ವಿದ್ಯುತ್ ನಿರ್ವಹಣೆಯ ಕೆಲಸದಲ್ಲಿದ್ದೇನೆ. ಇಲ್ಲಿನ ವಾರ್ಡನ್ ಮೇಡಂ ಕೋಣೆಗಳಲ್ಲಿ ಕೆಟಲ್, ಇಂಡಕ್ಷನ್ ಒಲೆ ಮತ್ತು ರೈಸ್ ಕುಕ್ಕರ್ ಬಳಸಲು ಒಪ್ಪಿಗೆ ಕೊಡುವ ಸೂಚನಾಪತ್ರವೊಂದನ್ನು ಬರೆದು, ಹಚ್ಚುವ ಮೊದಲು ಒಮ್ಮೆ ನೋಡಿಕೊಡಿ ಎಂದು ನನಗೆ ಕಳುಹಿಸಿದರು. ಬಚ್ಚಿಡಿಸುವ ಪದ್ಧತಿಗಿಂತ ಹೇಳಿಕೊಟ್ಟು ಬಳಸಗೊಡುವ ಈ ಪದ್ಧತಿಯೇ ಮೇಲೆಂಬುದು ನನ್ನ ಅನಿಸಿಕೆ. ಆದರೆ ಅದರಲ್ಲಿದ್ದ ಒಂದು ವಾಕ್ಯವನ್ನು ನಾನು ಹೊಡೆದುಹಾಕಿದೆ: ‘ಲೋಡ್ ಹೆಚ್ಚಾದರೆ ಎಂಸಿಬಿ ತಾನಾಗಿಯೇ ಬೀಳುತ್ತದೆ, ಆಗ ಬಳಕೆ ನಿಲ್ಲಿಸಿ.’

ಏಕೆಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಸಂಪರ್ಕ ಕಡಿಯಬೇಕಾದ ಆ ಸ್ವಿಚ್ಚು, ಅಂದರೆ ಎಂಸಿಬಿ, ಇಲ್ಲಿ ಬೀಳುವುದೇ ಇಲ್ಲ. ಮೂವರಿರುವ ಕೋಣೆಯಲ್ಲಿ ಗೋಡೆಯ 6 ಆಂಪಿಯರ್ ಸಾಕೆಟ್ಟಿಗೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ, ಅದಕ್ಕೆ 1500 ವ್ಯಾಟಿನ ಕೆಟಲ್ ಹಾಕುತ್ತಾರೆ. ಪಕ್ಕದಲ್ಲಿ 2000 ವ್ಯಾಟಿನ ಇಂಡಕ್ಷನ್ ಒಲೆ. ಅದರ ದಪ್ಪ ಪಿನ್ನುಗಳು ಬಾಕ್ಸಿನಲ್ಲಿ ಕೂರುವುದಿಲ್ಲವಾದ್ದರಿಂದ ನಡುವೆ ಒಂದು ಕನ್ವರ್ಷನ್ ಪ್ಲಗ್. 230 ವೋಲ್ಟಿನಲ್ಲಿ ಕೆಟಲ್ ಸುಮಾರು 6.5 ಆಂಪಿಯರ್ ಎಳೆಯುತ್ತದೆ, ಒಲೆ 8.7, ಎರಡೂ ಸೇರಿ 15.2. ಕೋಣೆಯ ಎಂಸಿಬಿ 16 ಆಂಪಿಯರಿನದು. ಅದರ ಕೆಲಸ ಗೋಡೆಯೊಳಗಿನ ವೈರನ್ನು ಕಾಯುವುದು, ಮತ್ತು ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇದೆ. ತಾಳಬೇಕಾದುದಕ್ಕಿಂತ ಎರಡೂವರೆ ಪಟ್ಟು ಕರೆಂಟನ್ನು ಹೊತ್ತು ಆ ಸಾಕೆಟ್ಟು ಒದ್ದಾಡುತ್ತಿರುವುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಹಳೆಯ ಸಾಕೆಟ್ಟಿನೊಳಗಿನ ಹಿತ್ತಾಳೆಯ ತಗಡು ಸಡಿಲಗೊಂಡು ಪಿನ್ನನ್ನು ಗಟ್ಟಿಯಾಗಿ ಹಿಡಿಯದಿದ್ದರೆ, ಆ ಜಾಗದಲ್ಲಿ ಓಮಿನ ಹತ್ತನೆಯ ಒಂದು ಭಾಗದಷ್ಟು ತಡೆ ಹುಟ್ಟಿಕೊಂಡಿತೆಂದು ಇಟ್ಟುಕೊಳ್ಳೋಣ. 700 ವ್ಯಾಟಿನ ರೈಸ್ ಕುಕ್ಕರ್ ಒಂದೇ ಇದ್ದರೆ 3 ಆಂಪಿಯರ್ ಹರಿದು ಅಲ್ಲಿ ಒಂದು ವ್ಯಾಟಿನಷ್ಟೂ ಶಾಖ ಏಳುವುದಿಲ್ಲ. ಆದರೆ ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, 15.2 ಆಂಪಿಯರಿಗೆ ಅದೇ ಜಾಗದಲ್ಲಿ 23 ವ್ಯಾಟ್. ರೇಡಿಯೊ ರಿಪೇರಿಯವರು ಬೆಸುಗೆ ಹಾಕುವ 25 ವ್ಯಾಟಿನ ಕಡ್ಡಿಯನ್ನು ಸಾಕೆಟ್ಟಿನೊಳಗೆ ತುರುಕಿಟ್ಟಂತೆ. ಕೆಟಲ್ ಒಂದು ಲೀಟರ್ ನೀರನ್ನು ಸುಮಾರು ನಾಲ್ಕು ನಿಮಿಷದಲ್ಲಿ ಕುದಿಸಿ ನಿಲ್ಲುತ್ತದೆ ನಿಜ, ಆದರೆ ಇಂಡಕ್ಷನ್ ಒಲೆ ಅರ್ಧ ಗಂಟೆ ಉರಿಯುತ್ತದೆ. ಬಿಸಿ ಸೇರುತ್ತಾ ಹೋಗುವುದು ಆ ಅವಧಿಯಲ್ಲಿ. (ಕೆಟಲಿನ ಮುಚ್ಚಳ ಸರಿಯಾಗಿ ಹಾಕಿರದಿದ್ದರೆ ಹಬೆ ಸ್ವಿಚ್ಚಿನವರೆಗೆ ತಲುಪದೆ ಅದೂ ನಿಲ್ಲದು.)

ಆದ್ದರಿಂದ ಹೊಡೆದುಹಾಕಿದ ವಾಕ್ಯದ ಜಾಗದಲ್ಲಿ ನಾನು ಬರೆದುದು ಇಷ್ಟು: ಐದು ನಿಮಿಷ ಬಳಸಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ಗಿನ ಪ್ಲಾಸ್ಟಿಕ್ ಮೈಯನ್ನು ಒಣಗಿದ ಕೈಯಿಂದ ಹಿಡಿಯಿರಿ. ಬೆಚ್ಚಗಿದ್ದರೆ ಚಿಂತೆಯಿಲ್ಲ; ಹಿಡಿದಿರಲು ಆಗದಷ್ಟು ಸುಟ್ಟರೆ ಆ ಸಾಕೆಟ್ಟನ್ನು ಮತ್ತೆ ಬಳಸಬೇಡಿ. ಪಿನ್ನು ಕಂದುಬಣ್ಣಕ್ಕೆ ತಿರುಗಿದ್ದರೂ, ಸಾಕೆಟ್ಟಿನ ಬಳಿ ಮೀನಿನ ವಾಸನೆಯಂಥದ್ದು ಬಂದರೂ ಅದೇ ಮಾತು. ಬೇಕಲೈಟಿನಂಥ ವಸ್ತು ಕಾದಾಗ ಆ ವಾಸನೆ ಬರುತ್ತದೆ, ಹೊಗೆ ಕಾಣುವುದಕ್ಕೆ ಬಹಳ ಮೊದಲೇ.

ಕೆಟಲ್ ಮತ್ತು ಇಂಡಕ್ಷನ್ ಒಲೆಗೆ ಎಕ್ಸ್‌ಟೆನ್ಷನ್ ಬಾಕ್ಸಾಗಲಿ, ಕನ್ವರ್ಷನ್ ಪ್ಲಗ್ಗಾಗಲಿ ಬೇಡವೆಂದು, ಅವುಗಳಿಗೆ ಪ್ರತಿ ಮಹಡಿಯ ಮೂಲೆಯಲ್ಲಿ 16 ಆಂಪಿಯರಿನ ಎರಡು ಸಾಕೆಟ್ ಹಾಕಿಸಬೇಕೆಂದು ಕೇಳಿದೆ. ಮೇಡಂ ಒಪ್ಪಿದರು. ರೈಸ್ ಕುಕ್ಕರನ್ನು ಕೋಣೆಯ ಗೋಡೆಯ ಸಾಕೆಟ್ಟಿಗೇ ಬಿಟ್ಟೆವು, ಒಂದು ಹೊತ್ತಿಗೆ ಒಂದೇ ಎಂಬ ಕರಾರಿನೊಂದಿಗೆ. ರಾತ್ರಿ ಹತ್ತರ ಮೇಲೆ ಸಾಕೆಟ್ಟುಗಳ ಕರೆಂಟನ್ನೇ ತೆಗೆಯೋಣ ಎಂಬ ಅವರ ಇನ್ನೊಂದು ಆಲೋಚನೆಗೆ ಮಾತ್ರ ನಾನು ಒಪ್ಪಲಿಲ್ಲ: ಕರೆಂಟ್ ಹೋದಾಗ ಆನ್ ಆಗಿಯೇ ಉಳಿದ ಕುಕ್ಕರ್, ಬೆಳಗ್ಗೆ ಕರೆಂಟ್ ಬಂದಾಗ ಯಾರೂ ಎದ್ದಿರದ ಕೋಣೆಯಲ್ಲಿ ಮತ್ತೆ ಕಾಯತೊಡಗುತ್ತದೆ.

ಪತ್ರ ಹಚ್ಚಿದ ಎರಡನೆಯ ವಾರದಲ್ಲಿ ಒಬ್ಬ ಹುಡುಗಿ ನನ್ನ ಮೇಜಿನ ಮೇಲೆ ಒಂದು ಪ್ಲಗ್ ತಂದಿಟ್ಟಳು. ಒಂದು ಪಿನ್ನಿನ ಬುಡ ಕರಕಲಾಗಿ ಪ್ಲಾಸ್ಟಿಕ್ ಉಬ್ಬಿತ್ತು. ‘ಸರ್, ಬೈಯಬೇಡಿ, ಸಾಕೆಟ್ಟನ್ನೂ ಬದಲಾಯಿಸಿಕೊಡಿ’ ಎಂದಳು. ನಮ್ಮ ಕಾಲದ ಹಾಸ್ಟೆಲಿನಲ್ಲಾಗಿದ್ದರೆ ಆ ಪ್ಲಗ್ ಮತ್ತೆ ಮಂಚದ ಕೆಳಗೇ ಹೋಗುತ್ತಿತ್ತು.