ಕಿವಿ ಮೇಲೆ ಹೂವಲ್ಲ, ಒಳಗೆ ಫೋಮು

ಬೆಂಗಳೂರಿನ ನಮ್ಮ ಮನೆ ಎದುರಿಗೆ ಒಂದು ಹಂಪ್ ಇದೆ. ಗಾಡಿಗಳು ನಿಧಾನ ಆಗಲಿ ಅಂತ ಹಾಕಿದ್ದು. ನಿಧಾನ ಆಗುತ್ತವೆ, ಸುಳ್ಳು ಹೇಳಬಾರದು. ಮೊದಲು ಬ್ರೇಕ್ ಕಿರುಚುತ್ತದೆ. ಆಮೇಲೆ ಖಾಲಿ ಗೂಡ್ಸ್ ಆಟೊದ ಹಿಂಬಾಗಿಲು ಧಡಾರ್ ಅನ್ನುತ್ತದೆ. ಆಮೇಲೆ ಫಸ್ಟ್ ಗೇರಿನಲ್ಲಿ ಏಳುವ ಗುರ್ರ್. ಮುಂದಿನವನು ಯಾಕೆ ನಿಧಾನ ಮಾಡಿದ ಅಂತ ಹಿಂದಿನವನಿಗೆ ಗೊತ್ತಾಗಲ್ಲ, ಹಾರ್ನ್ ಹೊಡೆಯುತ್ತಾನೆ. ಗೊತ್ತಾದವನೂ ಹೊಡೆಯುತ್ತಾನೆ, ಅದು ಬೇರೆ ಮಾತು.

ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ. ಮನೆ ಖರ್ಚಿನ ಲೆಕ್ಕ ಮಾತಾಡುವಾಗ ನಾನೂ ನನ್ನ ಹೆಂಡತಿಯೂ ಆ ಮಿತಿಯನ್ನು ಆರಾಮಾಗಿ ದಾಟುತ್ತೇವೆ. ಇನ್ನು ರಸ್ತೆಗೆ ಯಾವ ಬಾಯಲ್ಲಿ ಬುದ್ಧಿ ಹೇಳುವುದು? ಅದಕ್ಕೇ ಮೆಡಿಕಲ್ ಶಾಪಿಗೆ ಹೋಗಿ ಕಿವಿಗೆ ಹಾಕುವ ಫೋಮ್ ಪ್ಲಗ್ ತಂದೆ.

ಪ್ಯಾಕೆಟ್ ಮೇಲೆ 32 ಡೆಸಿಬೆಲ್ ಕಮ್ಮಿ ಮಾಡುತ್ತೆ ಅಂತಿತ್ತು. ಅದು ಪ್ರಯೋಗಾಲಯದ ಲೆಕ್ಕ. ಮನೆಯಲ್ಲಿ, ಕತ್ತಲಲ್ಲಿ, ನಿದ್ದೆಗಣ್ಣಲ್ಲಿ ಹಾಕಿಕೊಂಡರೆ ಅದರ ಅರ್ಧ ಸಿಕ್ಕಿದರೆ ಪುಣ್ಯ. ಜಾಸ್ತಿ ಜನ ಇದನ್ನು ಬಾಟಲಿ ಬಿರಡೆ ಥರ ಕಿವಿ ಬಾಯಿಗೆ ಒತ್ತಿ ಬಿಡುತ್ತಾರೆ. ಅದು ಹಾಗಲ್ಲ. ಫೋಮನ್ನು ಎರಡು ಬೆರಳಲ್ಲಿ ಹೊಸೆದು ಹೊಸೆದು, ಸುಕ್ಕಿಲ್ಲದ ತೆಳ್ಳನೆ ಬತ್ತಿ ಮಾಡಬೇಕು. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆ ಮೇಲಿಂದ ತಂದು ಬಲಗಿವಿಯನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆಯಬೇಕು. ಆಗ ಕಿವಿಯ ಡೊಂಕು ದಾರಿ ನೆಟ್ಟಗಾಗುತ್ತದೆ. ಬತ್ತಿಯನ್ನು ಒಳಗೆ ಬಿಟ್ಟು, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಿಂದ ಹಿಡಿದಿರಬೇಕು. ನಾನು ಈ ಭಂಗಿಯಲ್ಲಿ ಹಾಸಿಗೆ ಮೇಲೆ ಕೂತಿದ್ದಾಗ ನನ್ನ ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಯೋಗ ಶುರು ಮಾಡಿದ್ದೀಯಾ? ಒಳ್ಳೇದು ಬಿಡು" ಅಂದು ಹೋದರು.

ಸರಿಯಾಗಿ ಕೂತಿದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ಇದೆ. ಎರಡೂ ಅಂಗೈಗಳಿಂದ ಕಿವಿ ಗಟ್ಟಿಯಾಗಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ರಸ್ತೆ ಸದ್ದು ಇನ್ನೂ ತುಂಬಾ ಇಳಿದರೆ ಪ್ಲಗ್ ಸರಿ ಕೂತಿಲ್ಲ. ಹೆಚ್ಚೇನೂ ವ್ಯತ್ಯಾಸ ಆಗದಿದ್ದರೆ ಕೂತಿದೆ. ಇನ್ನೊಂದು ಗುರುತು, ನಿಮ್ಮದೇ ದನಿ ತಲೆಯೊಳಗಿಂದ ಗಡುಸಾಗಿ ಕೇಳುತ್ತದೆ. ಹೊರಗಿನದು ಒಳಗೆ ಬರಲ್ಲ ನಿಜ, ಆದರೆ ನಮ್ಮ ಮೂಳೆಯಲ್ಲಿ ಓಡಾಡುವ ಸದ್ದು ಹೊರಗೆ ಹೋಗಲೂ ದಾರಿ ಇರಲ್ಲ. ಅದನ್ನು ಹಾಕಿಕೊಂಡೇ ಒಂದು ಕೋಡುಬಳೆ ಕಡಿದೆ ನೋಡಿ, ತಲೆಯೊಳಗೆ ಜಲ್ಲಿ ಮೆಷಿನ್ ಓಡಿದ ಹಾಗಾಯಿತು.

ಹಾರ್ನ್, ಬ್ರೇಕ್, ಬೀದಿ ನಾಯಿ ಇಂಥ ಚೂಪು ಸದ್ದಿಗೆಲ್ಲ ಫೋಮು ನಿಜಕ್ಕೂ ರಾಮಬಾಣ. ತೊಂದರೆ ಏನಂದರೆ ಕುಕ್ಕರ್ ಸೀಟಿ, ಹಾಲಿನವನ ಬೆಲ್ಲು ಕೂಡ ಚೂಪು ಸದ್ದೇ. ಒಂದು ಭಾನುವಾರ ಹೆಂಡತಿ ಎದುರಿಗೆ ನಿಂತು ಏನೋ ಹೇಳಿದಳು. ನಾನು ಸಂಸಾರಸ್ಥನ ಅಭ್ಯಾಸದಂತೆ "ಹೂಂ, ಆಯ್ತು" ಅಂದೆ. ಸಂಜೆ ನೋಡಿದರೆ ಅವಳ ಚಿಕ್ಕಪ್ಪನ ಮಗನ ಗೃಹಪ್ರವೇಶಕ್ಕೆ ಶಿವಮೊಗ್ಗಕ್ಕೆ ಬಸ್ ಟಿಕೆಟ್ ಬುಕ್ ಆಗಿತ್ತು. ಹಿಂದಿನ ಸೀಟು, ನಾನ್ ಎಸಿ.

ಹಗಲು ಪ್ಲಗ್ ಬೇಡ ಅಂತ ಮನೆಯಲ್ಲಿ ತೀರ್ಮಾನವಾದ ಮೇಲೆ ವೈಟ್ ನಾಯ್ಸ್ ಹಿಡಿದೆ. ಇದು ಸದ್ದನ್ನು ತಡೆಯುವುದಿಲ್ಲ. ಕೋಣೆಯಲ್ಲಿ ಒಂದೇ ಸಮನೆ 'ಸೋ' ಅನ್ನುವ ಸದ್ದು ತುಂಬಿಸುತ್ತದೆ, ಅಷ್ಟೇ. ನಿದ್ದೆ ಕೆಡಿಸುವುದು ಸದ್ದಿಗಿಂತ ಜಾಸ್ತಿ, ಸದ್ದಿನ ಏರಿಳಿತ. ಸಣ್ಣ ಸದ್ದುಗಳು ಆ 'ಸೋ'ದಲ್ಲಿ ಮುಳುಗಿದರೆ ಕಿವಿ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಪಕ್ಕದ ಮನೆಯ ಟಿವಿ ಧಾರಾವಾಹಿ, ಮೆಟ್ಟಿಲ ಮೇಲಿನ ಮಾತು, ಇವಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಹಂಪ್ ಮೇಲೆ ಧಡಾರ್ ಅನ್ನುವ ಗೂಡ್ಸ್ ಆಟೊಗೆ ಆಗಲ್ಲ. ಅದನ್ನು ಮುಳುಗಿಸುವಷ್ಟು ಜೋರು ಮಾಡಿದರೆ ಮನೆಯಲ್ಲೇ ಇನ್ನೊಂದು ಟ್ರಾಫಿಕ್ ಸಾಕಿದಂತೆ. ಅದು ಓಡುತ್ತಿರುವಾಗ ಪಕ್ಕದವರ ಜೊತೆ ಮಾತಾಡಲು ಗಂಟಲು ಏರಿಸಬೇಕಾಗಿ ಬಂದರೆ ಜಾಸ್ತಿಯಾಯಿತು ಅಂತ ಅರ್ಥ.

ನಾನು ಮೊದಲು ಹಾಕಿದ್ದು ಫೋನಿನಲ್ಲಿ ಮಳೆ ಸದ್ದು. ಕಣ್ಣು ಮುಚ್ಚುವಷ್ಟರಲ್ಲಿ ಅಮ್ಮ ಟಾರಸಿಗೆ ಓಡಿದ್ದರು, ಒಣಗಿದ ಬಟ್ಟೆ ತರಲು. ಬಿಸಿಲಲ್ಲಿ ನಿಂತು ಆಕಾಶ ನೋಡಿ, ಬಟ್ಟೆ ಎಲ್ಲಾ ಎತ್ತಿಕೊಂಡು ಬಂದು, ನನ್ನ ಮುಖ ನೋಡಿ, ಏನೂ ಮಾತಾಡದೆ ಅಷ್ಟನ್ನೂ ನನ್ನ ಹೊಟ್ಟೆ ಮೇಲೆ ಹಾಕಿ ಹೋದರು. ಮಡಿಸಲಿ ಅಂತ.

ಅದಿರಲಿ. ಮಳೆ ರೆಕಾರ್ಡಿಂಗಿನಲ್ಲಿ ಬೇರೆಯೇ ಒಂದು ರೋಗ ಇದೆ. ಅದು ಚಿಕ್ಕ ತುಣುಕು, ಮತ್ತೆ ಮತ್ತೆ ಸುತ್ತುತ್ತದೆ. ನನ್ನದರಲ್ಲಿ ಒಂದು ಕಪ್ಪೆ ಇತ್ತು. ಒಂದು ಸುತ್ತಿಗೆ ಒಂದೇ ಸಲ 'ವಟ್' ಅನ್ನುತ್ತಿತ್ತು. ಮೊದಲು ಗಮನಿಸಲಿಲ್ಲ. ಗಮನಿಸಿದ ಮೇಲೆ ಮುಗಿಯಿತು, ಕಪ್ಪೆ ಯಾವಾಗ ಬರುತ್ತೆ ಅಂತ ಕಾಯುತ್ತಾ ಮಲಗುವುದೇ ಕೆಲಸವಾಯಿತು. ಆದ್ದರಿಂದ ಪ್ರಕೃತಿ ಸದ್ದು ಬಿಟ್ಟು ಸುಮ್ನೆ ಬೋಳು ಸದ್ದು ಹಾಕಿಕೊಳ್ಳುವುದೇ ಮೇಲು. ಅದರಲ್ಲೂ ಬ್ರೌನ್ ನಾಯ್ಸ್ ಅಂತ ಒಂದಿದೆ, ತಗ್ಗಿನ ದನಿ ಜಾಸ್ತಿ, ದೂರದ ಜಲಪಾತದ ಹಾಗೆ. ವಾಹನಗಳ ಗುಂಯ್ ಅನ್ನುವಿಕೆಯನ್ನು ಮುಚ್ಚಲು ವೈಟ್‌ಗಿಂತ ಅದು ವಾಸಿ. ಫೋನಿನ ಪುಟ್ಟ ಸ್ಪೀಕರಿಗೆ ತಗ್ಗಿನ ದನಿ ಹೊರಡಿಸುವ ಶಕ್ತಿ ಇಲ್ಲ, ಹಾಗಾಗಿ ಸ್ವಲ್ಪ ದೊಡ್ಡ ಸ್ಪೀಕರ್ ಬೇಕು. ಅದನ್ನು ತಲೆ ಹತ್ತಿರ ಇಡಬಾರದು, ಕಿಟಕಿ ಹತ್ತಿರ ಇಡಬೇಕು. ಸದ್ದು ಬರುವ ಕಡೆಯಿಂದಲೇ ಇದೂ ಬಂದರೆ ಎರಡೂ ಬೇಗ ಬೆರೆಯುತ್ತವೆ. ಸ್ಪೀಕರ್ ಇಲ್ಲದವರಿಗೆ ಹಳೇ ಟೇಬಲ್ ಫ್ಯಾನ್ ಸಾಕು, ಟಕ್ ಟಕ್ ಅನ್ನದಿದ್ದರೆ.

ಇಷ್ಟೆಲ್ಲ ಸಜ್ಜಾಗಿ ಕೂತ ಮೇಲೆ ಗಣೇಶ ಬಂದ. ಬೆಂಗಳೂರಿನ ಗಣೇಶ ಚೌತಿ ದಿನ ಬಂದು ಹೋಗುವವನಲ್ಲ. ಒಂದೊಂದು ಬೀದಿಯವರು ಒಂದೊಂದು ವಾರ ಕೂರಿಸುತ್ತಾರೆ. ಅವನು ಹೊರಡುವಷ್ಟರಲ್ಲಿ ರಾಜ್ಯೋತ್ಸವದವರು ಅದೇ ಬಾಕ್ಸುಗಳನ್ನು ಹಿಡಿದು ನಿಂತಿರುತ್ತಾರೆ. ನಮ್ಮ ಬೀದಿ ಪೆಂಡಾಲ್ ನಮ್ಮ ಕಾಂಪೌಂಡಿಗೇ ತಾಗಿತ್ತು. ಆರ್ಕೆಸ್ಟ್ರಾ ರಾತ್ರಿ ಹಾಡುಗಾರರ ದನಿಯನ್ನು ಫೋಮು ತಡೆಯಿತು, ಮಾತನ್ನು ಬ್ರೌನ್ ನಾಯ್ಸ್ ನುಂಗಿತು. ಉಳಿದದ್ದು ಬೇಸು. 'ಧುಂ, ಧುಂ, ಧುಂ'. ಶೋಕೇಸಿನ ಲೋಟಗಳು ಕಿಣಿ ಕಿಣಿ ಅಂತ ತಾಳ ಹಾಕುತ್ತಿದ್ದವು. ತಗ್ಗಿನ ಸದ್ದಿಗೆ ಫೋಮಿನ ಕೈ ಅಷ್ಟು ಸಾಗಲ್ಲ. ಗೋಡೆಯೂ ಅದನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಅದು ಕಿವಿಗಿಂತ ಮುಂಚೆ ಎದೆಗೆ ತಾಗುತ್ತದೆ.

ಹತ್ತು ಗಂಟೆ ದಾಟಿದ ಮೇಲೆ ಕೆಳಗಿಳಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬ ಉತ್ಸವ ಅಂತ, ಸರ್ಕಾರ ಅದನ್ನು 12ರ ತನಕ ಸಡಿಲಿಸಬಹುದು. ಮೀರಿದರೆ 112ಕ್ಕೆ ಫೋನ್ ಮಾಡಬಹುದು. ಇದನ್ನೆಲ್ಲ ಮನಸ್ಸಲ್ಲೇ ಜೋಡಿಸಿಕೊಂಡು ಹೋದರೆ ಹುಡುಗನೊಬ್ಬ ದೊನ್ನೆ ತುಂಬ ಪುಳಿಯೋಗರೆ ಕೈಗಿಟ್ಟು, "ಅಂಕಲ್, ಹನ್ನೆರಡಕ್ಕೆ ಪರ್ಮಿಷನ್ ಇದೆ. ನೀವು ಹೇಳಿದ್ರಿ ಅಂತ ಸೌಂಡ್ ಕಮ್ಮಿ ಮಾಡ್ತೀನಿ" ಅಂದ. ಮಾಡಿದ ಕೂಡ. ಹಾಡು ಇಳಿಯಿತು, ಬೇಸ್ ಹಾಗೇ ಉಳಿಯಿತು. ಚಂದಾ ರಶೀದಿ ನನ್ನ ಜೇಬಲ್ಲೇ ಇತ್ತು. "ನಮ್ಮದೇ ದುಡ್ಡು ರೀ, ಕೇಳಿ ಅನುಭವಿಸಿ" ಅಂದಳು ಹೆಂಡತಿ.

ಬೀದಿ ಕಡೆಯ ಕೋಣೆ ಬಿಟ್ಟು ಹಿಂದಿನ ಕೋಣೆಗೆ ಹಾಸಿಗೆ ಸಾಗಿಸಿದೆವು. ಕಟ್ಟಡವೇ ಅಡ್ಡ ನಿಲ್ಲುವುದರಿಂದ ಹಿಂದೆ ಹತ್ತು ಡೆಸಿಬೆಲ್ ತನಕ ಇಳಿಯಬಹುದು, ಕಿವಿಗೆ ಅದು ಹೆಚ್ಚುಕಮ್ಮಿ ಅರ್ಧ. ಆದರೆ ಬೇಸು ಕಟ್ಟಡವನ್ನು ಬಳಸಿಕೊಂಡು ಬರುತ್ತದೆ. ಅಲ್ಲೂ 'ಧುಂ'. ತಲೆ ಕೆಟ್ಟು, ದಿಂಬು ಕಂಕುಳಲ್ಲಿಟ್ಟುಕೊಂಡು ಕೋಣೆಯಲ್ಲಿ ಓಡಾಡಲು ಶುರು ಮಾಡಿದೆ. ಆಗ ಒಂದು ವಿಚಿತ್ರ ಗೊತ್ತಾಯಿತು. ಮೂಲೆಯಲ್ಲಿ ನಿಂತರೆ ಹೊಡೆತ ಜಾಸ್ತಿ. ಕೋಣೆ ನಡುವೆ ಬಂದರೆ ಅರ್ಧಕ್ಕರ್ಧ ಕಮ್ಮಿ. ಮತ್ತೆ ಎದುರು ಗೋಡೆಗೆ ಹೋದರೆ ಜಾಸ್ತಿ.

ಇದು ಭ್ರಮೆಯಲ್ಲ. ಹತ್ತು ಅಡಿ ಕೋಣೆಯಲ್ಲಿ ಸುಮಾರು 56 ಹರ್ಟ್ಜಿನ ಸದ್ದಿನ ಅರ್ಧ ಅಲೆ ಸರಿಯಾಗಿ ಕೂರುತ್ತದೆ, ಬೇಸ್ ಡ್ರಮ್ಮಿನ ಹೊಡೆತವೂ ಆಸುಪಾಸಿನದೇ. ಆ ಅಲೆ ಎರಡು ಗೋಡೆಗಳ ಮಧ್ಯೆ ಹಿಂದೆ ಮುಂದೆ ಬಡಿದು ನಿಂತುಬಿಡುತ್ತದೆ. ಒತ್ತಡ ಗೋಡೆ ಬುಡದಲ್ಲಿ, ಮೂಲೆಯಲ್ಲಿ ಅತಿ ಹೆಚ್ಚು, ನಟ್ಟನಡುವೆ ಅತಿ ಕಮ್ಮಿ. ಮಂಚಗಳನ್ನು ನಾವೆಲ್ಲ ಎಲ್ಲಿ ಇಡುತ್ತೇವೆ? ಮೂಲೆಯಲ್ಲಿ, ತಲೆ ಗೋಡೆಗೆ ಆನಿಸಿ. ಮಂಚವನ್ನು ಎಳೆದು ದಿಂಬು ಕೋಣೆಯ ನಡುವೆ ಬರುವ ಹಾಗೆ ಮಾಡಿದೆ. ಪೂರ್ತಿ ಹೋಗಲಿಲ್ಲ. ಹಾಡಿನ ಜೊತೆ ಬೇಸಿನ ಶ್ರುತಿ ಬದಲಾದಾಗ ಲೆಕ್ಕವೂ ಬದಲಾಗುತ್ತದೆ. ಆದರೂ ನಿದ್ದೆಗೆ ಸಾಕಾಗುವಷ್ಟು ಇಳಿಯಿತು. ಬಾಗಿಲಲ್ಲಿ ಅಮ್ಮ ಮತ್ತೆ ಪ್ರತ್ಯಕ್ಷ. "ಉತ್ತರಕ್ಕೆ ತಲೆ ಹಾಕಿದ್ದೀಯಲ್ಲೋ!" ಸರಿ, ದಿಂಬನ್ನು ನಡುವೆಯೇ ಬಿಟ್ಟು ಮಂಚವನ್ನು ಅದರ ಸುತ್ತ ತಿರುಗಿಸಿದೆ. ಆಗ ಕಾಲು ಬೀರು ಬಾಗಿಲಿಗೆ ಅಡ್ಡ ಬಂತು. ಹಬ್ಬ ಮುಗಿಯುವ ತನಕ ಹೆಂಡತಿ ಸೀರೆ ತೆಗೆಯಬೇಕಾದಾಗಲೆಲ್ಲ ನನ್ನನ್ನು ಎಬ್ಬಿಸುತ್ತಿದ್ದಳು.

ಇನ್ನು ಉಳಿದದ್ದು ಮೇಲಿನ ಮನೆ ಆಂಟಿಯ ಮಿಕ್ಸಿ. ಬೆಳಗಾಗುವ ಮುಂಚೆ ಚಟ್ನಿ. ಇದು ಗಾಳಿಯಲ್ಲಿ ಬರುವ ಸದ್ದಲ್ಲ. ಮಿಕ್ಸಿ ಕಾಲಿನಿಂದ ಕಡಪಾ ಕಲ್ಲಿಗೆ, ಕಲ್ಲಿನಿಂದ ಗೋಡೆಗೆ, ಗೋಡೆಯಿಂದ ನಮ್ಮ ಸೂರಿಗೆ ಇಳಿಯುತ್ತದೆ. ಗೋಡೆಗೆ ಅಂಗೈ ಇಟ್ಟರೆ ನಡುಕ ಗೊತ್ತಾಗುತ್ತದೆ. ಇಂಥದ್ದನ್ನು ಹುಟ್ಟುವ ಜಾಗದಲ್ಲೇ ಹಿಡಿಯಬೇಕು. ಮಿಕ್ಸಿ ಕೆಳಗೆ ದಪ್ಪನೆ ರಬ್ಬರ್ ಮ್ಯಾಟ್ ಹಾಕಿದರೆ ಆಯಿತು. ಮಡಿಸಿದ ಟವೆಲ್ ಬೇಡ, ಅಡಿಯ ಗಾಳಿ ತೂತು ಮುಚ್ಚಿ ಮೋಟರ್ ಕಾದೀತು. ಆದರೆ ಆಂಟಿಗೆ ಹೇಳುವುದು ಹೇಗೆ? ನಮ್ಮಮ್ಮನಿಗೆ ಅವರೇ ತಿಂಡಿಯ ಗೆಳತಿ. ಕೊನೆಗೆ ಹೆಂಡತಿ ವರಮಹಾಲಕ್ಷ್ಮಿ ಹಬ್ಬದ ತಾಂಬೂಲದಲ್ಲಿ ಬ್ಲೌಸ್ ಪೀಸ್ ಬದಲು ಮ್ಯಾಟನ್ನೇ ಇಟ್ಟು, ಅರಿಶಿನ ಕುಂಕುಮದ ಜೊತೆ ಕೊಟ್ಟಿದ್ದಳು. "ಮಿಕ್ಸಿ ಕೆಳಗೆ ಹಾಕೋದು ಆಂಟಿ, ಚೆನ್ನಾಗಿರುತ್ತೆ" ಅಂತ ಬಾಯಿ ಬಿಟ್ಟು ಹೇಳಿಯೂ ಇದ್ದಳು. ಮಿಕ್ಸಿ ಮಾತ್ರ ಗಣೇಶನ ನಂತರವೂ ಹಾಗೇ ಗುಡುಗುತ್ತಿತ್ತು.

ನವರಾತ್ರಿಗೆ ಅವಳು ಎದುರು ಮನೆಗೆ ಗೊಂಬೆ ನೋಡಲು ಹೋದಳು. ಅವರು ಕೊಟ್ಟ ತಾಂಬೂಲದಲ್ಲಿ ತೆಂಗಿನಕಾಯಿ, ಬಳೆ, ಅದರ ಕೆಳಗೆ ನಮ್ಮದೇ ರಬ್ಬರ್ ಮ್ಯಾಟು. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ತಾಂಬೂಲಕ್ಕೆ ಬಂದದ್ದನ್ನು ಬಳಸದಿದ್ದರೆ ಆಗುತ್ತಾ ಅಂತ ಅವಳು ಅದನ್ನು ನಮ್ಮ ಮಿಕ್ಸಿ ಕೆಳಗೇ ಹಾಸಿದಳು.

ಮೊನ್ನೆ ಮೆಟ್ಟಿಲ ಮೇಲೆ ಆಂಟಿ ಸಿಕ್ಕಿ ನನ್ನ ಕೈ ಹಿಡಿದು ಹೇಳಿದರು, "ಏನೋ ಮಾಡಿಸಿದ್ದೀರಪ್ಪ, ನಿಮ್ಮ ಮನೆ ಮಿಕ್ಸಿ ಸದ್ದು ಈಗ ನಮಗೆ ಕೇಳ್ಸೋದೇ ಇಲ್ಲ. ಎಷ್ಟು ಒಳ್ಳೇ ನಿದ್ದೆ ಬರ್ತಿದೆ ಗೊತ್ತಾ?"